ಯೂರಿನ್ ಪೈಪ್ ಹಾಕಿದವರು ಮನೆಯಲ್ಲಿದ್ದರೆ: ಚೀಲಕ್ಕೆ ಡೆಟಾಲ್ ಹಾಕಬೇಕೇ? ಮೂತ್ರ ಮಬ್ಬಾದರೆ ಗುಳಿಗೆ ಕೊಡಬೇಕೇ?

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಒಂದು ಸಂದೇಶದ ಸಾರಾಂಶ ಹೀಗಿದೆ: “ಮನೆಯಲ್ಲಿ ಹಿರಿಯರಿಗೆ ಯೂರಿನ್ ಪೈಪ್ ಹಾಕಿದ್ದರೆ ದಿನಾ ಚೀಲ ಬಿಚ್ಚಿ ಒಂದು ಮುಚ್ಚಳ ಡೆಟಾಲ್ ಹಾಕಿ. ಮೂತ್ರ ಮಬ್ಬಾದರೆ ಇನ್ಫೆಕ್ಷನ್ ಆದಂತೆ, ತಕ್ಷಣ ಆಂಟಿಬಯೋಟಿಕ್ ಶುರು ಮಾಡಿ. ಪೈಪನ್ನು 15 ದಿನಕ್ಕೊಮ್ಮೆ ಬದಲಿಸಲೇಬೇಕು. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ.”

ಈ ನಾಲ್ಕರಲ್ಲಿ ಕೊನೆಯ ಮಾತು ಸರಿ. ಮೊದಲ ಎರಡು ತಪ್ಪು, ಹಾನಿಯನ್ನೂ ಮಾಡಬಲ್ಲವು. ಮೂರನೆಯದು ಅರ್ಧ ಸತ್ಯ. ಒಂದು ಸರಿಯಾದ ಮಾತಿನ ಜೊತೆ ಮೂರು ತಪ್ಪು ಮಾತು ಸೇರಿದಾಗ ಇಡೀ ಸಂದೇಶ ನಂಬಿಕೆಗೆ ಅರ್ಹ ಎನಿಸಿಬಿಡುತ್ತದೆ. ಇಂಥ ಫಾರ್ವರ್ಡ್‌ಗಳ ತೊಂದರೆಯೇ ಅದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಈ ವಿಷಯಕ್ಕೆ ಹೆಚ್ಚಿನ ತೂಕವಿದೆ. ಆಸ್ಪತ್ರೆಯಲ್ಲಿ ಪೈಪ್ ಹಾಕಿ ಮನೆಗೆ ಕಳಿಸಿದ ಮೇಲೆ ಅದನ್ನು ನೋಡಿಕೊಳ್ಳುವವರು ಹೆಂಡತಿ, ಸೊಸೆ, ಮಗ ಅಥವಾ ಮೊಮ್ಮಗ. ತಜ್ಞರನ್ನು ಕಾಣಬೇಕೆಂದರೆ ಬೆಳಗಾವಿ, ಧಾರವಾಡ ಇಲ್ಲವೇ ಹುಬ್ಬಳ್ಳಿಗೆ ಹೋಗಬೇಕು. ಅಷ್ಟು ದೂರ ಹೋಗಬೇಕಾದ ಸ್ಥಿತಿ ಬಾರದಂತೆ ತಡೆಯುವುದು ಬಹಳ ಮಟ್ಟಿಗೆ ಮನೆಯವರ ಕೈಯಲ್ಲೇ ಇದೆ.

ಈ ಪೈಪ್ ಒಳಗೆ ಹೇಗೆ ನಿಲ್ಲುತ್ತದೆ?

ಜನ ಪೈಪು, ನಳಿ ಎನ್ನುವ ಈ ವಸ್ತುವಿನ ಹೆಸರು ಫೋಲಿ ಕ್ಯಾಥೆಟರ್. 1930ರ ದಶಕದಲ್ಲಿ ಇದನ್ನು ರೂಪಿಸಿದ ಅಮೆರಿಕದ ಮೂತ್ರರೋಗ ತಜ್ಞ ಫ್ರೆಡರಿಕ್ ಫೋಲಿ ಅವರ ಹೆಸರೇ ಅದಕ್ಕಿದೆ. ಮೆತ್ತಗಿನ ಈ ಕೊಳವೆಯೊಳಗೆ ಎರಡು ದಾರಿಗಳಿರುತ್ತವೆ. ದೊಡ್ಡ ದಾರಿಯಲ್ಲಿ ಮೂತ್ರ ಹೊರಬರುತ್ತದೆ. ಸಣ್ಣ ದಾರಿಯ ಮೂಲಕ ಸಿರಿಂಜಿನಿಂದ ನೀರು ತುಂಬಿದರೆ ಕೊಳವೆಯ ತುದಿಯ ಬಳಿ ಒಂದು ಪುಟ್ಟ ಬಲೂನು ಉಬ್ಬುತ್ತದೆ. ಅದು ಮೂತ್ರಕೋಶದೊಳಗೆ ಕುಳಿತು ಪೈಪ್ ಜಾರದಂತೆ ಹಿಡಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ 10 ಮಿ.ಲೀ. ಶುದ್ಧೀಕರಿಸಿದ ನೀರು ಸಾಕು.

ಪೈಪಿನ ಮೇಲೆ 14, 16 ಎಂಬ ಸಂಖ್ಯೆ ಇರುತ್ತದೆ. ಅದನ್ನು 3ರಿಂದ ಭಾಗಿಸಿದರೆ ಪೈಪಿನ ದಪ್ಪ ಮಿಲಿಮೀಟರಿನಲ್ಲಿ ಸಿಗುತ್ತದೆ. 16 ಎಂದರೆ ಸುಮಾರು 5.3 ಮಿ.ಮೀ. ದೊಡ್ಡವರಿಗೆ ಹೆಚ್ಚಾಗಿ 14 ಅಥವಾ 16 ಸಾಕಾಗುತ್ತದೆ. “ದಪ್ಪ ಪೈಪ್ ಹಾಕಿದರೆ ಸೋರುವುದಿಲ್ಲ” ಎಂಬುದು ತಪ್ಪು ತಿಳಿವಳಿಕೆ. ಬೇಕಾದದ್ದಕ್ಕಿಂತ ದಪ್ಪದ ಪೈಪ್ ಮೂತ್ರನಾಳವನ್ನು ಉಜ್ಜಿ ಗಾಯ ಮಾಡುತ್ತದೆ. ಮೂತ್ರ ಸರಾಗವಾಗಿ ಹರಿಯುವಷ್ಟು ಇರುವ ಅತಿ ಸಣ್ಣ ಪೈಪೇ ಒಳ್ಳೆಯದು.

ಬಲೂನಿನ ಬಗ್ಗೆ ಒಂದು ಎಚ್ಚರಿಕೆಯ ಮಾತು. ರೋಗಿಗೆ ಮಂಪರು ಕವಿದಾಗ, ಇಲ್ಲವೇ ಸಿಟ್ಟಿನಲ್ಲಿ ಪೈಪನ್ನು ಎಳೆದರೆ ಉಬ್ಬಿದ ಬಲೂನು ಮೂತ್ರನಾಳವನ್ನು ಹರಿದುಕೊಂಡೇ ಹೊರಬರುತ್ತದೆ. ಕತ್ತರಿಯಿಂದ ಪೈಪ್ ಕತ್ತರಿಸಿದರೆ ನೀರು ತಾನಾಗಿ ಹೋಗಿ ಪೈಪ್ ಜಾರುತ್ತದೆ ಎಂಬ ಸಲಹೆಯನ್ನೂ ಕೇಳಬೇಡಿ. ಎಷ್ಟೋ ಸಲ ಬಲೂನು ಉಬ್ಬಿದಂತೆಯೇ ಉಳಿದು, ಕತ್ತರಿಸಿದ ತುಂಡು ಒಳಗೆ ಸೇರಿಕೊಳ್ಳುತ್ತದೆ.

ರೋಗಾಣು ಎಲ್ಲಿಂದ ಬರುತ್ತದೆ?

ಆರೋಗ್ಯವಂತರ ದೇಹ ರೋಗಾಣುಗಳನ್ನು ತೊಳೆದು ಹಾಕುವುದು ಮೂತ್ರ ಮಾಡುವ ಮೂಲಕವೇ. ಕೋಶ ತುಂಬಿ ಒಮ್ಮೆಲೇ ರಭಸದಿಂದ ಖಾಲಿಯಾದಾಗ, ಮೂತ್ರನಾಳದ ಬಾಯಿಯಿಂದ ಮೇಲೇರುತ್ತಿದ್ದ ರೋಗಾಣುಗಳು ಹೊರಗೆ ಹೋಗುತ್ತವೆ. ಪೈಪ್ ಹಾಕಿದ ಮೇಲೆ ಆ ರಭಸ ಇರುವುದಿಲ್ಲ. ಮೂತ್ರ ದಿನವಿಡೀ ಹನಿಹನಿಯಾಗಿ ಇಳಿಯುತ್ತದೆ, ಬಲೂನಿನ ಕೆಳಗೆ ಸ್ವಲ್ಪ ಮೂತ್ರ ಸದಾ ನಿಂತೇ ಇರುತ್ತದೆ.

ಒಳಗೆ ಬರಲು ರೋಗಾಣುಗಳಿಗೆ ಎರಡು ದಾರಿಗಳಿವೆ. ಒಂದು, ಪೈಪಿನ ಹೊರಮೈ. ಗುದದ್ವಾರದ ಸುತ್ತಲಿನ ಚರ್ಮದಲ್ಲಿರುವ ರೋಗಾಣುಗಳು ಪೈಪಿಗೆ ಅಂಟಿಕೊಂಡು ಮೆಲ್ಲಗೆ ಮೇಲೇರುತ್ತವೆ. ಹಾಕುವಾಗಲೇ ಕೈ ಅಥವಾ ಚರ್ಮ ಸ್ವಚ್ಛವಿಲ್ಲದಿದ್ದರೆ ಪೈಪಿನ ಜೊತೆಗೇ ಒಳಗೆ ಹೋಗುತ್ತವೆ. ಎರಡನೆಯದು ಪೈಪಿನ ಒಳಮೈ. ಚೀಲದ ಕೆಳಗಿನ ತೂಬನ್ನು ಕೊಳಕು ಕೈಯಿಂದ ಮುಟ್ಟಿದಾಗ, ಪೈಪು ಮತ್ತು ಚೀಲದ ಜೋಡಣೆ ಬಿಚ್ಚಿದಾಗ, ಅಥವಾ ಚೀಲ ಎತ್ತಿದಾಗ ಅದರೊಳಗಿನ ಮೂತ್ರ ಹಿಂದಕ್ಕೆ ಹರಿದಾಗ ಆ ದಾರಿ ತೆರೆಯುತ್ತದೆ.

ಪೈಪಿನ ಮೇಲೆ ನೆಲೆಸಿದ ರೋಗಾಣುಗಳು ಒಂಟಿಯಾಗಿ ಇರುವುದಿಲ್ಲ. ಬಾವಿಯ ಕಲ್ಲಿನ ಮೇಲೆ ಪಾಚಿ ಕಟ್ಟಿದಂತೆ ಜಾರುವ ಪದರ ಕಟ್ಟಿಕೊಂಡು ಅದರೊಳಗೆ ಕುಳಿತುಬಿಡುತ್ತವೆ. ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಗುಳಿಗೆಯ ಔಷಧ ಮೂತ್ರದಲ್ಲಿ ಈಜುವ ರೋಗಾಣುಗಳನ್ನು ಕೊಲ್ಲಬಹುದು, ಆದರೆ ಈ ಪದರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಮುಂದೆ ಹೇಳುವ ಬಹಳಷ್ಟು ವಿಷಯಗಳಿಗೆ ಕಾರಣ ಈ ಪಾಚಿಯೇ.

ಹಿಂದೆ ಪೈಪಿನ ಇನ್ನೊಂದು ತುದಿಯನ್ನು ಮುಚ್ಚಳವಿಲ್ಲದ ಬಾಟಲಿಗೆ ಬಿಡುತ್ತಿದ್ದರು. ಆಗ ನಾಲ್ಕು ದಿನದೊಳಗೆ ಬಹುತೇಕ ಎಲ್ಲರ ಮೂತ್ರದಲ್ಲೂ ರೋಗಾಣು ಸೇರಿಕೊಳ್ಳುತ್ತಿದ್ದವು. 1960ರ ದಶಕದಲ್ಲಿ ಪೈಪು, ಚೀಲ ಎರಡೂ ಎಲ್ಲಿಯೂ ತೆರೆದುಕೊಳ್ಳದ ‘ಮುಚ್ಚಿದ ವ್ಯವಸ್ಥೆ’ ಬಳಕೆಗೆ ಬಂದ ಮೇಲೆ ಈ ವೇಗ ಬಹಳ ತಗ್ಗಿತು. ಈಗ ಪೈಪ್ ಇರುವ ಪ್ರತಿ 100 ಜನರಲ್ಲಿ ದಿನಕ್ಕೆ 3ರಿಂದ 7 ಜನರ ಮೂತ್ರಕ್ಕೆ ಹೊಸದಾಗಿ ರೋಗಾಣು ಸೇರುತ್ತವೆ. ಹಾಗೆ ಲೆಕ್ಕ ಹಾಕಿದರೆ ಒಂದು ತಿಂಗಳಲ್ಲಿ ಬಹುತೇಕ ಎಲ್ಲರಿಗೂ ಸೇರಿರುತ್ತವೆ. ಮುಚ್ಚಿದ ವ್ಯವಸ್ಥೆ ರೋಗಾಣುವನ್ನು ಪೂರ್ತಿ ತಡೆಯಲಾರದು, ತಡ ಮಾಡುತ್ತದೆ ಅಷ್ಟೇ. ದಿನಾ ಬಿಚ್ಚಿ ಡೆಟಾಲ್ ಹಾಕುವವರು ಆ ತಡೆಯನ್ನೇ ಕಿತ್ತು, ಮತ್ತೆ ತೆರೆದ ಬಾಟಲಿಯ ಕಾಲಕ್ಕೆ ಹೋದಂತೆ. ಚೀಲದಲ್ಲಿ ಔಷಧ ಹಾಕಿ ನೋಡಿದ ಪ್ರಯೋಗಗಳಲ್ಲೂ ಸೋಂಕು ಕಡಿಮೆಯಾಗಲಿಲ್ಲ. ಚೀಲದೊಳಗಿನವು ಸತ್ತರೂ ಪೈಪಿನ ಹೊರಮೈಯ ದಾರಿ ತೆರೆದೇ ಇರುತ್ತದಲ್ಲ!

ಹಾಕುವಾಗ ಏನು ನಡೆಯಬೇಕು?

ಇದು ಮನೆಯವರು ಮಾಡುವ ಕೆಲಸವಲ್ಲ. ಆದರೂ ತಿಳಿದಿದ್ದರೆ ಒಳ್ಳೆಯದು, ಏಕೆಂದರೆ ಪರದೆಯ ಪಕ್ಕದಲ್ಲಿ ನಿಂತವರು ಹೆಚ್ಚಾಗಿ ಮನೆಯವರೇ.

ಹಾಕುವವರು ಮೊದಲು ಕೈ ತೊಳೆಯುತ್ತಾರೆ. ಬೇಕಾದ ಎಲ್ಲವನ್ನೂ, ಅಂದರೆ ಪೈಪು, ಚೀಲ, ಜೆಲ್ಲಿ, ಬಲೂನಿಗೆ ನೀರು ತುಂಬಿದ ಸಿರಿಂಜು, ಹತ್ತಿ, ಔಷಧ, ಮೊದಲೇ ಜೋಡಿಸಿಕೊಳ್ಳುತ್ತಾರೆ. ಅರ್ಧಕ್ಕೆ ಎದ್ದು ಸಿರಿಂಜು ಹುಡುಕಲು ಹೋದರೆ ಸ್ವಚ್ಛತೆ ಅಲ್ಲಿಗೆ ಮುಗಿಯಿತು. ನಂತರ ಶುದ್ಧೀಕರಿಸಿದ, ಪೊಟ್ಟಣದಿಂದ ಆಗಲೇ ತೆಗೆದ ಕೈಗವಸು ಹಾಕಿಕೊಳ್ಳುತ್ತಾರೆ. ಡಬ್ಬಿಯಲ್ಲಿ ಗುಂಪಾಗಿ ಇರುವ ಸಾಮಾನ್ಯ ಕೈಗವಸು ಇದಕ್ಕೆ ಸಾಲದು. ಇಲ್ಲಿಂದ ಒಂದು ಕೈ ‘ಕೊಳಕು ಕೈ’, ಇನ್ನೊಂದು ‘ಶುದ್ಧ ಕೈ’. ಚರ್ಮ ಹಿಡಿದ ಕೈ ಪೈಪನ್ನು ಮುಟ್ಟುವುದಿಲ್ಲ. ಸ್ವಚ್ಛತೆಯ ಗುಟ್ಟೆಲ್ಲ ಈ ಒಂದು ನಿಯಮದಲ್ಲೇ ಅಡಗಿದೆ.

ಮೂತ್ರದ್ವಾರವನ್ನು ಔಷಧದ ದ್ರಾವಣದಿಂದ ಒರೆಸುತ್ತಾರೆ. ಹೆಂಗಸರಲ್ಲಿ ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಒಮ್ಮೆ ಒರೆಸಿದ ಹತ್ತಿಯನ್ನು ಮತ್ತೆ ಬಳಸಬಾರದು. ಗಂಡಸರಲ್ಲಿ ಮೂತ್ರನಾಳ ಉದ್ದ. ಆದ್ದರಿಂದ ಮರಗಟ್ಟಿಸುವ ಜೆಲ್ಲಿಯನ್ನು ನಾಳದೊಳಗೆ ತುಂಬಿ ಕೆಲವು ನಿಮಿಷ ಕಾಯಬೇಕು. ಆ ಕೆಲವು ನಿಮಿಷಗಳನ್ನು ಉಳಿಸಲು ಹೋಗಿ ನೋವು ಮಾಡುವುದು ಹೆಚ್ಚು. ನೋವಾದಾಗ ರೋಗಿ ಬಿಗಿದುಕೊಳ್ಳುತ್ತಾರೆ, ಬಿಗಿದ ನಾಳದಲ್ಲಿ ಒತ್ತಿ ತೂರಿಸಿದರೆ ಗಾಯವಾಗುತ್ತದೆ, ಗಾಯದಲ್ಲಿ ರೋಗಾಣು ಸುಲಭವಾಗಿ ನೆಲೆಸುತ್ತವೆ.

ಮೂತ್ರ ಕಂಡ ತಕ್ಷಣ ಬಲೂನು ಉಬ್ಬಿಸಬಾರದು. ಗಂಡಸರಲ್ಲಿ ಪೈಪನ್ನು ಕವಲೊಡೆಯುವ ಜಾಗದವರೆಗೂ ಒಳಗೆ ತಳ್ಳಿ, ಹೆಂಗಸರಲ್ಲಿ ಮೂತ್ರ ಬಂದ ಮೇಲೆ ಇನ್ನೂ ಕೆಲವು ಸೆಂ.ಮೀ. ಒಳಗೆ ಕಳಿಸಿ ನಂತರ ಉಬ್ಬಿಸುತ್ತಾರೆ. ನೀರು ತುಂಬುವಾಗ ರೋಗಿ ಜೋರಾಗಿ ನೋವು ಎಂದರೆ ಬಲೂನು ಕೋಶದಲ್ಲಿಲ್ಲ, ನಾಳದಲ್ಲಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಬೇಕು. ಹೆಂಗಸರಲ್ಲಿ ಪೈಪ್ ತಪ್ಪಿ ಯೋನಿಗೆ ಹೋದರೆ ಅದನ್ನೇ ತೆಗೆದು ಮತ್ತೆ ಹಾಕಬಾರದು, ಹೊಸ ಪೈಪ್ ಬೇಕು. ಗಂಡಸರಲ್ಲಿ ಹಿಂದೆ ಸರಿಸಿದ ಮುಂದೊಗಲನ್ನು ಕೊನೆಗೆ ಮುಂದಕ್ಕೆ ತರುವುದನ್ನು ಮರೆಯಬಾರದು. ಮರೆತರೆ ಕೆಲವೇ ಗಂಟೆಗಳಲ್ಲಿ ಊದಿಕೊಂಡು ಅದೇ ಒಂದು ತುರ್ತು ಸ್ಥಿತಿಯಾಗುತ್ತದೆ.

ಕೊನೆಗೆ ಪೈಪನ್ನು ತೊಡೆಗೆ ಅಥವಾ ಕಿಬ್ಬೊಟ್ಟೆಗೆ ಪಟ್ಟಿಯಿಂದ ಅಂಟಿಸುತ್ತಾರೆ. ಸಡಿಲವಾಗಿ ಬಿಟ್ಟ ಪೈಪು ನಡೆದಾಗೆಲ್ಲ ಒಳಗೆ ಹೊರಗೆ ಆಡುತ್ತದೆ. ಹೊರಮೈಯ ಕೊಳೆ ಪ್ರತಿ ಸಲವೂ ಸ್ವಲ್ಪ ಒಳಗೆ ಹೋಗುತ್ತದೆ.

ಒಬ್ಬ ಅಜ್ಜನ ಹದಿಮೂರು ದಿನ

ಇದು ಯಾರೋ ಒಬ್ಬರ ಕಥೆಯಲ್ಲ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಆಗುವುದನ್ನು ಒಂದೇ ಕಡೆ ಸೇರಿಸಿದ ಉದಾಹರಣೆ.

ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯ 72 ವರ್ಷದ ಅಜ್ಜ. ಎರಡು ವರ್ಷದಿಂದ ಮೂತ್ರದ ಧಾರೆ ಸಣ್ಣದಾಗಿದೆ, ರಾತ್ರಿ ನಾಲ್ಕು ಸಲ ಏಳುತ್ತಾರೆ. ವಯಸ್ಸಾಯಿತಲ್ಲ ಎಂದು ಯಾರೂ ತಲೆಕೆಡಿಸಿಕೊಂಡಿಲ್ಲ. ನೆಗಡಿಯಾಯಿತೆಂದು ಅಂಗಡಿಯಿಂದ ಗುಳಿಗೆ ತಂದು ಎರಡು ದಿನ ನುಂಗಿದರು. ನೆಗಡಿಯ ಗುಳಿಗೆಗಳಲ್ಲಿ ಮೂಗು ಕಟ್ಟುವುದನ್ನು ಬಿಡಿಸುವ ಅಂಶ ಇರುತ್ತದೆ. ಅದು ಮೂತ್ರಕೋಶದ ಬಾಯಿಯನ್ನು ಬಿಗಿಯುತ್ತದೆ. ಪ್ರೊಸ್ಟೇಟ್ ಗ್ರಂಥಿ ಮೊದಲೇ ದೊಡ್ಡದಾಗಿದ್ದವರಿಗೆ ಅಷ್ಟು ಸಾಕು, ಮೂತ್ರ ಪೂರ್ತಿ ನಿಂತುಬಿಡುತ್ತದೆ. ಅಜ್ಜನಿಗೂ ಹಾಗೇ ಆಯಿತು. ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ದರು. 16ರ ಪೈಪ್ ಹಾಕಿದಾಗ 900 ಮಿ.ಲೀ. ಮೂತ್ರ ಹೊರಬಂತು. ಅಜ್ಜ ಬೆವರು ಒರೆಸಿಕೊಂಡು “ಜೀವ ಬಂತ್ ನೋಡಪಾ” ಎಂದರು.

ಇಲ್ಲಿಯವರೆಗೆ ಎಲ್ಲ ಸರಿಯಾಗಿದೆ. ಇಂಥ ಸ್ಥಿತಿಯಲ್ಲಿ ಪೈಪ್ ಬೇಕೇ ಬೇಕು. ವೈದ್ಯರು ಪ್ರೊಸ್ಟೇಟ್ ಸಡಿಲಿಸುವ ಗುಳಿಗೆ ಶುರುಮಾಡಿ, ಐದು ದಿನ ಬಿಟ್ಟು ಬನ್ನಿ, ಪೈಪ್ ತೆಗೆದು ನೋಡೋಣ ಎಂದರು.

ಮನೆಯಲ್ಲಿ ಕಬ್ಬಿನ ಕಟಾವು ನಡೆದಿತ್ತು. ಐದನೇ ದಿನ ಹೋಗಲಿಲ್ಲ. ಅಜ್ಜ ಎಂದಿನಂತೆ ನೆಲದ ಮೇಲೆ ಕೌದಿ ಹಾಸಿಕೊಂಡು ಮಲಗುತ್ತಿದ್ದರು, ಚೀಲವನ್ನು ಪಕ್ಕದಲ್ಲೇ ನೆಲಕ್ಕಿಟ್ಟಿದ್ದರು. ನೆಲದಲ್ಲಿ ಮಲಗಿದವರಿಗೆ ಚೀಲ ಮೂತ್ರಕೋಶಕ್ಕಿಂತ ಕೆಳಗೆ ಇರಲು ಜಾಗವೇ ಇಲ್ಲ. ಮೂತ್ರ ಸರಿಯಾಗಿ ಇಳಿಯುವುದಿಲ್ಲ, ಮಗ್ಗುಲು ಬದಲಿಸಿದಾಗ ಹಿಂದಕ್ಕೂ ಹೋಗುತ್ತದೆ. ಚೀಲ ಬೇಗ ತುಂಬಬಾರದೆಂದು ಅಜ್ಜ ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದರು.

ಒಂಬತ್ತನೇ ದಿನ ಮೂತ್ರ ಮಬ್ಬಾಗಿ, ವಾಸನೆ ಬಂತು. ಅಜ್ಜನಿಗೆ ಜ್ವರ ಇರಲಿಲ್ಲ, ನೋವೂ ಇರಲಿಲ್ಲ, ಊಟ ಚೆನ್ನಾಗಿಯೇ ಮಾಡುತ್ತಿದ್ದರು. ಅಷ್ಟರಲ್ಲಿ ಆ ಫಾರ್ವರ್ಡ್ ಬಂತು. ಮೊಮ್ಮಗ ಚೀಲ ಬಿಚ್ಚಿ ಡೆಟಾಲ್ ಸುರಿದ. ಹಿಂದೆ ಯಾರಿಗೋ ತಂದು ಉಳಿದಿದ್ದ ಆಂಟಿಬಯೋಟಿಕ್ ಗುಳಿಗೆ ಮೂರು ದಿನ ಕೊಟ್ಟರು. ಮೂತ್ರ ಸ್ವಲ್ಪ ತಿಳಿಯಾದಂತೆ ಕಂಡಿತು, ಎಲ್ಲರಿಗೂ ಸಮಾಧಾನವಾಯಿತು.

ಹದಿಮೂರನೇ ದಿನ ಬೆಳಿಗ್ಗೆ ಚೀಲ ಒಣಗಿತ್ತು. ಮೂತ್ರ ಪೈಪಿನ ಪಕ್ಕದಿಂದ ಸೋರುತ್ತಿತ್ತು. ಕಿಬ್ಬೊಟ್ಟೆ ಉಬ್ಬಿ ಗಟ್ಟಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಗಡಗಡ ನಡುಕ, 102 ಡಿಗ್ರಿ ಜ್ವರ, ಅಜ್ಜ ಏನೇನೋ ಮಾತಾಡತೊಡಗಿದರು.

ಒಳಗೆ ನಡೆದದ್ದು ಇಷ್ಟು. ಕೆಲವು ರೋಗಾಣುಗಳು, ಅದರಲ್ಲೂ ಪ್ರೋಟಿಯಸ್ ಎಂಬುದು, ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಆಗ ಮೂತ್ರ ಕ್ಷಾರವಾಗುತ್ತದೆ, ಅದರಲ್ಲಿ ಕರಗಿದ್ದ ಖನಿಜ ಹರಳುಗಟ್ಟುತ್ತದೆ. ಬಿಸಿನೀರಿನ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟಿದಂತೆ ಪೈಪಿನ ಕಣ್ಣು ಕಟ್ಟಿಕೊಳ್ಳುತ್ತದೆ. ನೀರು ಕಡಿಮೆ ಕುಡಿದವರಲ್ಲಿ ಇದು ಇನ್ನೂ ಬೇಗ ಆಗುತ್ತದೆ. ದಾರಿ ಮುಚ್ಚಿದ ಮೇಲೆ ಒಳಗಿನ ಒತ್ತಡ ಏರಿ, ರೋಗಾಣುಗಳು ಮೂತ್ರಪಿಂಡಕ್ಕೆ, ಅಲ್ಲಿಂದ ರಕ್ತಕ್ಕೆ ನುಗ್ಗುತ್ತವೆ. ಒಂಬತ್ತನೇ ದಿನದ ಮಬ್ಬು ಅಪಾಯದ ಗಂಟೆಯಾಗಿರಲಿಲ್ಲ. ಹದಿಮೂರನೇ ದಿನ ಒಣಗಿದ ಚೀಲ ಆ ಗಂಟೆ.

ಆಸ್ಪತ್ರೆಯಲ್ಲಿ ಮೊದಲು ಮಾಡಿದ ಕೆಲಸ, ಕಟ್ಟಿದ್ದ ಪೈಪನ್ನು ತೆಗೆದು ಹೊಸದು ಹಾಕಿದ್ದು. ಸೋಂಕಿನ ಲಕ್ಷಣಗಳಿದ್ದು ಪೈಪ್ ಹಾಕಿ ಎರಡು ವಾರ ಆಗಿದ್ದರೆ, ಅಥವಾ ಹೀಗೆ ಪೈಪ್ ಕಟ್ಟಿಕೊಂಡಿದ್ದರೆ, ಪಾಚಿಗಟ್ಟಿದ ಹಳೆಯದನ್ನು ಒಳಗೇ ಇಟ್ಟುಕೊಂಡು ಔಷಧ ಕೊಟ್ಟು ಪ್ರಯೋಜನ ಕಡಿಮೆ. ಪರೀಕ್ಷೆಗೆ ಮೂತ್ರವನ್ನು ಹೊಸ ಪೈಪಿನಿಂದ ತೆಗೆದರು. ಚೀಲದಿಂದ ತೆಗೆದ ಮೂತ್ರದಲ್ಲಿ ಚೀಲದ ರೋಗಾಣುಗಳು ಕಾಣುತ್ತವೆ, ರೋಗಿಯವಲ್ಲ. ಆ ಮಾದರಿ ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಇಲ್ಲವಾದರೆ ಫ್ರಿಜ್‌ನಲ್ಲಿ ಇಡಬೇಕು. ಬಿಸಿಲಲ್ಲಿ ರಾಮದುರ್ಗದಿಂದ ಬೆಳಗಾವಿವರೆಗೆ ಜೇಬಿನಲ್ಲಿ ಒಯ್ದ ಡಬ್ಬಿಯಲ್ಲಿ ರೋಗಾಣು ತಾವಾಗಿಯೇ ಬೆಳೆದು, ಇಲ್ಲದ ಸೋಂಕು ಇದ್ದಂತೆ ವರದಿ ಬರುತ್ತದೆ.

ಎರಡು ದಿನದ ನಂತರ ಬಂದ ಕಲ್ಚರ್ ವರದಿಯಲ್ಲಿ, ಮನೆಯಲ್ಲಿ ಕೊಟ್ಟಿದ್ದ ಗುಳಿಗೆಗೆ ರೋಗಾಣು ಜಗ್ಗುವುದಿಲ್ಲ ಎಂದಿತ್ತು. ಮೂರು ದಿನದ ಆ ಗುಳಿಗೆ ಮೆತ್ತಗಿನ ರೋಗಾಣುಗಳನ್ನು ಕೊಂದು, ಗಟ್ಟಿಗರಿಗೆ ಜಾಗ ಬಿಟ್ಟುಕೊಟ್ಟಿತ್ತು. ಬೇರೆ ಔಷಧ ಕೊಟ್ಟರು, ಜ್ವರ ಬೇಗ ಇಳಿಯಿತು. ಹೀಗೆ ಬೇಗ ಸುಧಾರಿಸಿದವರಿಗೆ ಸಾಮಾನ್ಯವಾಗಿ 7 ದಿನದ ಔಷಧ ಸಾಕು, ತಡವಾಗಿ ಸುಧಾರಿಸಿದವರಿಗೆ 10ರಿಂದ 14 ದಿನ. ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಪೈಪ್ ತೆಗೆದರು. ಅಜ್ಜ ಎರಡು ಮೂರು ಸಲ ತಾವೇ ಮೂತ್ರ ಮಾಡಿದರು. ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್ ಮಾಡಿ ನೋಡಿ ಮನೆಗೆ ಕಳಿಸಿದರು. ಐದನೇ ದಿನವೇ ಹೋಗಿದ್ದರೆ ಬಹುಶಃ ಅಂದೇ ಇಷ್ಟು ಆಗುತ್ತಿತ್ತು.

ಹಾಗಾದರೆ ಮಬ್ಬು ಮೂತ್ರಕ್ಕೆ ಏನು ಮಾಡಬೇಕು?

ಬೇರೆ ತೊಂದರೆ ಇಲ್ಲದಿದ್ದರೆ ನೀರು ಕುಡಿಸಿ, ಪೈಪ್ ಮಡಚಿಕೊಂಡಿದೆಯೇ ನೋಡಿ, ಕಾದು ನೋಡಿ. ಮೂತ್ರದಲ್ಲಿ ರೋಗಾಣು ಇರುವುದು ಬೇರೆ, ರೋಗ ಬರುವುದು ಬೇರೆ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ಹೊಸದಾಗಿ ಪೈಪ್ ಹಾಕಿಸಿಕೊಂಡ ಸುಮಾರು 1,500 ರೋಗಿಗಳನ್ನು ಗಮನಿಸಿ 2000ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಅದರಲ್ಲಿ ಮೂತ್ರದಲ್ಲಿ ರೋಗಾಣು ಕಂಡುಬಂದವರ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ಯಾವ ಲಕ್ಷಣವೂ ಇರಲಿಲ್ಲ. ಅವರಿಗೆಲ್ಲ ಆಂಟಿಬಯೋಟಿಕ್ ಕೊಟ್ಟಿದ್ದರೆ ಪೈಪ್ ಇರುವವರೆಗೆ ರೋಗಾಣು ಮತ್ತೆ ಬರುತ್ತಿತ್ತು, ಮುಂದಿನ ಸಲ ಬಂದದ್ದು ಔಷಧಕ್ಕೆ ಬಗ್ಗದ್ದಾಗಿರುತ್ತಿತ್ತು. ಲಕ್ಷಣವಿಲ್ಲದಿದ್ದರೂ ಔಷಧ ಬೇಕಾಗುವವರು ಮುಖ್ಯವಾಗಿ ಗರ್ಭಿಣಿಯರು ಮತ್ತು ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಹೋಗುವವರು. ಅದನ್ನು ನಿರ್ಧರಿಸುವವರು ವೈದ್ಯರು.

ಇದೇ ಜಾತಿಗೆ ಸೇರಿದ ಇನ್ನೊಂದು ಫಾರ್ವರ್ಡ್ ಇದೆ: ನೇರಳೆ ಬಣ್ಣ ತಿರುಗಿದ ಯೂರಿನ್ ಚೀಲದ ಫೋಟೋ, ಕೆಳಗೆ “ವಿಷ ಏರಿದೆ” ಎಂಬ ಸಾಲು. ಫೋಟೋ ನಿಜವಿರಬಹುದು, ವಿಷ ಸುಳ್ಳು. ಬಹುಕಾಲ ಪೈಪ್ ಇರುವ, ಮಲಬದ್ಧತೆಯಿರುವ ಹಿರಿಯ ಹೆಂಗಸರಲ್ಲಿ ಇದು ಹೆಚ್ಚು. ಆಹಾರದ ಪ್ರೋಟೀನಿನ ಒಂದು ಅಂಶ ಕರುಳಿನಲ್ಲಿ ಬದಲಾಗಿ ಮೂತ್ರಕ್ಕೆ ಬರುತ್ತದೆ. ಚೀಲದೊಳಗಿನ ರೋಗಾಣುಗಳು ಅದನ್ನು ಒಡೆದಾಗ ಒಂದು ನೀಲಿ, ಒಂದು ಕೆಂಪು ಬಣ್ಣ ಹುಟ್ಟಿ, ಎರಡೂ ಬೆರೆತು ಪ್ಲಾಸ್ಟಿಕ್ಕಿಗೆ ಹಿಡಿಯುತ್ತವೆ. ಆ ನೀಲಿ ಬಟ್ಟೆಗೆ ಹಾಕುವ ಇಂಡಿಗೋ ಬಣ್ಣವೇ. ವೈದ್ಯರಿಗೆ ತೋರಿಸಿ, ಪೈಪ್ ಬದಲಿಸಬೇಕಾಗಬಹುದು, ಮಲಬದ್ಧತೆಗೆ ಔಷಧ ಬೇಕಾಗಬಹುದು. ರೋಗಿ ಆರಾಮವಾಗಿದ್ದರೆ ರಾತ್ರೋರಾತ್ರಿ ಗಾಡಿ ಮಾಡಿಸಿಕೊಂಡು ಓಡುವ ಅಗತ್ಯವಿಲ್ಲ.

15 ದಿನಕ್ಕೊಮ್ಮೆ ಬದಲಿಸಬೇಕೇ?

ಎಲ್ಲರಿಗೂ ಒಂದೇ ಗಡುವು ಇಲ್ಲ. ಸಾಮಾನ್ಯ ರಬ್ಬರಿನ, ಅಂದರೆ ಲೇಟೆಕ್ಸ್ ಪೈಪು 2ರಿಂದ 4 ವಾರ, ಪೂರ್ತಿ ಸಿಲಿಕಾನಿನದು 12 ವಾರದವರೆಗೆ ಇರಬಹುದು. ಯಾವುದು ಎಂಬುದು ಪೊಟ್ಟಣದ ಮೇಲೆ ಬರೆದಿರುತ್ತದೆ, ಆದ್ದರಿಂದ ಪೊಟ್ಟಣದ ಲೇಬಲ್ ಕಿತ್ತು ಆಸ್ಪತ್ರೆ ಚೀಟಿಯ ಜೊತೆ ಇಟ್ಟುಕೊಳ್ಳಿ. ಪದೇ ಪದೇ ಕಟ್ಟಿಕೊಳ್ಳುವವರಿಗೆ ಬೇಗ ಬದಲಿಸಬೇಕಾಗುತ್ತದೆ. ಚೆನ್ನಾಗಿ ಹರಿಯುತ್ತಿರುವ ಪೈಪನ್ನು ಸುಮ್ಮನೆ ಬದಲಿಸಿದರೆ ಮತ್ತೊಮ್ಮೆ ತೂರಿಸುವ ಗಾಯ ಮಾತ್ರ ಲಾಭ.

ಬದಲಿಸುವುದಕ್ಕಿಂತ ಮುಖ್ಯವಾದ ಪ್ರಶ್ನೆ, ಪೈಪ್ ಇನ್ನೂ ಬೇಕೇ ಎಂಬುದು. ಸೋಂಕು ತಡೆಯುವ ಉಪಾಯಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಪೈಪನ್ನು ಬೇಗ ತೆಗೆಯುವುದು. ಸಿಸೇರಿಯನ್ ಆದ ಬಾಣಂತಿಗೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಒಂದು ದಿನದೊಳಗೆ ತೆಗೆಯುತ್ತಾರೆ. ಹಾಸಿಗೆ ಒದ್ದೆಯಾಗುತ್ತದೆ, ಎಬ್ಬಿಸುವುದು ಕಷ್ಟ ಎಂಬ ಕಾರಣಕ್ಕೆ ಮಾತ್ರ ಪೈಪ್ ಇಡುವುದು ಸರಿಯಲ್ಲ. ಮೂತ್ರ ಕಟ್ಟಿಕೊಳ್ಳದ ಗಂಡಸರಿಗೆ ಹೊರಗಿನಿಂದ ಹಾಕುವ ಕಾಂಡೋಮ್ ಕ್ಯಾಥೆಟರ್ ಇದೆ, ಡೈಪರ್ ಇದೆ. ಬೆನ್ನುಹುರಿಯ ಪೆಟ್ಟಾದವರಿಗೆ ದಿನಕ್ಕೆ ಕೆಲವು ಸಲ ಪೈಪ್ ಹಾಕಿ, ಖಾಲಿ ಮಾಡಿ, ತೆಗೆದುಬಿಡುವ ವಿಧಾನ ಕಲಿಸುತ್ತಾರೆ. ರೌಂಡ್ಸಿಗೆ ಬಂದವರನ್ನು “ಸಾಹೇಬ್ರ, ಈ ಪೈಪ್ ಇನ್ನೂ ಬೇಕೇನ್ರಿ? ಯಾವಾಗ ತೆಗೀತೀರಿ?” ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೆಲಸದ ಒತ್ತಡದಲ್ಲಿ ಪೈಪ್ ಇರುವುದೇ ಮರೆತುಹೋಗುವುದುಂಟು. ಹೊದಿಕೆಯ ಕೆಳಗಿರುವ ವಸ್ತು ಅದು, ಕಣ್ಣಿಗೆ ಬೀಳುವುದಿಲ್ಲ.

ಮನೆಯಲ್ಲಿ ದಿನದ ಕೆಲಸ

ರೋಗಿಯನ್ನು ಮಂಚದ ಮೇಲೆ ಮಲಗಿಸಿ. ಚೀಲವನ್ನು ಮಂಚದ ಪಟ್ಟಿಗೆ, ನೆಲಕ್ಕೆ ತಾಗದಂತೆ ತೂಗುಹಾಕಿ. ಪೈಪ್ ತೊಡೆಯ ಕೆಳಗೆ ಒತ್ತಿಕೊಂಡಿರಬಾರದು, ಮಡಚಿರಬಾರದು.

ಚೀಲ ಮೂರರಲ್ಲಿ ಎರಡು ಭಾಗ ತುಂಬುವ ಮೊದಲು, ದಿನಕ್ಕೆ ಮೂರು ಸಲವಾದರೂ, ಕೆಳಗಿನ ತೂಬಿನಿಂದ ಖಾಲಿ ಮಾಡಿ. ಮೊದಲು ಮತ್ತು ನಂತರ ಸೋಪಿನಿಂದ ಕೈ ತೊಳೆಯಿರಿ. ಅದಕ್ಕೆಂದೇ ಒಂದು ಮಗ್ ಇರಲಿ, ತೂಬಿನ ಬಾಯಿ ಮಗ್ಗಿಗೆ ತಾಗದಿರಲಿ. ಮೇಲಿನ ಜೋಡಣೆಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ, ಸ್ನಾನಕ್ಕೂ ಬೇಡ. ಪೈಪ್ ದೇಹಕ್ಕೆ ಸೇರುವ ಜಾಗವನ್ನು ದಿನಕ್ಕೊಮ್ಮೆ, ಮಲವಿಸರ್ಜನೆಯಾದಾಗಲೂ, ಸಾದಾ ಸೋಪು ನೀರಿನಿಂದ ತೊಳೆದರೆ ಸಾಕು. ಪೈಪನ್ನು ಒರೆಸುವಾಗ ದೇಹದ ಕಡೆಯಿಂದ ಹೊರಕ್ಕೆ ಒರೆಸಬೇಕು. ಅಲ್ಲಿಗೆ ಔಷಧದ ಮುಲಾಮು, ಪೌಡರ್, ಅರಿಶಿನ ಏನೂ ಬೇಡ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ವೈದ್ಯರು ನೀರು ಕಡಿಮೆ ಮಾಡಿಸಿರದಿದ್ದರೆ, ಮೂತ್ರ ತಿಳಿಹಳದಿ ಬಣ್ಣದಲ್ಲಿ ಇರುವಷ್ಟು ನೀರು, ಮಜ್ಜಿಗೆ ಕೊಡಿ.

ಬಸ್ಸಿನಲ್ಲಿ ಹೋಗುವಾಗ ಸಂಕೋಚದಿಂದ ಚೀಲವನ್ನು ಮಡಿಲಲ್ಲಿ ಸೆರಗಿನೊಳಗೆ ಇಟ್ಟುಕೊಳ್ಳುವವರು ಇದ್ದಾರೆ. ಯಲ್ಲಮ್ಮನ ಗುಡ್ಡದ ಜಾತ್ರೆಗೆ ಟ್ರ್ಯಾಕ್ಟರಿನಲ್ಲಿ ಹೊರಟವರು ಚೀಲವನ್ನು ಮೇಲಿನ ಸರಳಿಗೆ ಸಿಕ್ಕಿಸುವುದೂ ಉಂಟು. ಎರಡೂ ತಪ್ಪು. ಹೊರಡುವ ಮೊದಲು ಚೀಲ ಖಾಲಿ ಮಾಡಿ, ಮೊಣಕಾಲಿನ ಕೆಳಗೆ ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡರೆ ಯಾರಿಗೂ ಕಾಣುವುದಿಲ್ಲ, ಮೂತ್ರ ಹಿಂದಕ್ಕೂ ಹೋಗುವುದಿಲ್ಲ.

ಈ ಲಕ್ಷಣಗಳಲ್ಲಿ ಒಂದಾದರೂ ಕಂಡರೆ ಮನೆಮದ್ದು ಬೇಡ, ಅಂದೇ ಆಸ್ಪತ್ರೆಗೆ ಹೋಗಬೇಕು: 100.4 ಡಿಗ್ರಿ ದಾಟಿದ ಜ್ವರ ಅಥವಾ ಚಳಿ ನಡುಕ, ಕಿಬ್ಬೊಟ್ಟೆ ಅಥವಾ ಪಕ್ಕೆಯ ಹಿಂಭಾಗದಲ್ಲಿ ನೋವು, ಹೆಪ್ಪುಗಟ್ಟಿದ ರಕ್ತ, ಪೈಪ್ ತಾನಾಗಿ ಜಾರಿ ಹೊರಬಂದದ್ದು. ಹಿರಿಯರಲ್ಲಿ ಜ್ವರವಿಲ್ಲದೆಯೂ ಇದ್ದಕ್ಕಿದ್ದಂತೆ ಮಂಕಾಗುವುದು, ಗುರುತು ಹಿಡಿಯದಿರುವುದು ಸೋಂಕಿನ ಮೊದಲ ಸೂಚನೆಯಾಗಿರಬಹುದು. ಕೆಲವು ಗಂಟೆಗಳಿಂದ ಚೀಲಕ್ಕೆ ಒಂದು ಹನಿಯೂ ಬಿದ್ದಿಲ್ಲ, ಪೈಪ್ ಮಡಚಿಯೂ ಇಲ್ಲ, ಹೊಟ್ಟೆ ಉಬ್ಬುತ್ತಿದೆ ಎಂದರೆ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಪೈಪ್ ಹಾಕಿದ ದಿನಾಂಕ ಬರೆದ ಚೀಟಿಯನ್ನು ಜೊತೆಗೆ ತೆಗೆದುಕೊಂಡು ಹೋಗಿ. ಅಲ್ಲಿ ಮೊದಲು ಕೇಳುವುದು ಅದನ್ನೇ.